ಅಧಿಸೂಚನೆ, ಸರ್ಕಾರಿ ಆದೇಶ, ಸುತ್ತೋಲೆ: ದಕ್ಷಿಣ ಬೆಂಗಳೂರಿನ ಬಡಾವಣೆಗಳ ಚರಿತ್ರೆಯಲ್ಲಿ ಇವುಗಳನ್ನು ಉಲ್ಲೇಖಿಸುವ ಕ್ರಮ

ಬೆಂಗಳೂರಿಗೆ ದಕ್ಷಿಣದಲ್ಲಿರುವ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದ ಶಾಸನವೊಂದರಲ್ಲಿ ‘ಬೆಂಗಳೂರು’ ಎಂಬ ಹೆಸರು ಕ್ರಿ. ಶ. 9ನೆಯ ಶತಮಾನದ ಕೊನೆಯ ಹೊತ್ತಿಗೇ ಕಾಣಬರುತ್ತದೆಂಬುದು ಚರಿತ್ರಜ್ಞರಿಗೆಲ್ಲ ವಿದಿತವಾದ ವಿಷಯವು. ಬಿ. ಎಲ್. ರೈಸರವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ 9ನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದ ಬಳಿಕ, ಅಂಥ ಯಾವ ಶಾಸನವನ್ನು ಉಲ್ಲೇಖಿಸಬೇಕಾದರೂ ಸಂಪುಟ, ತಾಲ್ಲೂಕು, ಶಾಸನಸಂಖ್ಯೆ ಎಂಬ ಮೂರು ಸಂಗತಿಗಳನ್ನು ಹೇಳಿದರೆ ಸಾಕಾಗಿದೆ. ಓದುವವನು ಎಷ್ಟು ದೂರದ ಊರಿನಲ್ಲಿದ್ದರೂ ಆ ಮೂರನ್ನು ಹಿಡಿದು ಮೂಲವನ್ನು ತಲುಪುತ್ತಾನೆ.

ಆದರೆ ಅದೇ ಬೇಗೂರು, ಉತ್ತರಹಳ್ಳಿ ಮುಂತಾದ ಹೋಬಳಿಗಳ ಹೊಲಗದ್ದೆಗಳು ಕಳೆದ ಶತಮಾನದಲ್ಲಿ ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆಗಳಾಗಿ ಮಾರ್ಪಟ್ಟ ಚರಿತ್ರೆಯನ್ನು ಬರೆಯುವವರಲ್ಲಿ ಈ ಎಚ್ಚರವು ಸಾಲದು. ‘ಸರ್ಕಾರದ ಅಧಿಸೂಚನೆಯ ಮೇರೆಗೆ’, ‘ಆಗಿನ ಆದೇಶದಂತೆ’, ‘ಸುತ್ತೋಲೆಯೊಂದರ ಪ್ರಕಾರ’ ಎಂದಿಷ್ಟೇ ಬರೆದು ಮುಂದೆ ಸಾಗುವುದು ರೂಢಿಯಾಗಿದೆ. ಸಾವಿರ ವರ್ಷದ ಹಿಂದಿನ ಕಲ್ಲನ್ನು ಕಂಡುಹಿಡಿಯುವುದು ಸುಲಭವಾಗಿ, ಐವತ್ತು ವರ್ಷದ ಹಿಂದಿನ ಕಾಗದವನ್ನು ಕಂಡುಹಿಡಿಯುವುದು ದುಸ್ಸಾಧ್ಯವಾಗಿರುವ ಈ ವಿಪರೀತಕ್ಕೆ ಕಾರಣವು ಕಾಗದಗಳ ಅಭಾವವಲ್ಲ; ಅಧಿಸೂಚನೆ, ಆದೇಶ, ಸುತ್ತೋಲೆ ಎಂಬ ಮೂರು ಭಿನ್ನ ವಸ್ತುಗಳನ್ನು ಒಂದೇ ಎಂದು ಭಾವಿಸಿರುವುದೇ ಕಾರಣವು.

ಇವುಗಳ ಭೇದವು ಮುಖ್ಯವಾಗಿ ಅವು ವಾಸಿಸುವ ಸ್ಥಾನದಲ್ಲಿದೆ. ಅಧಿಸೂಚನೆಯು ರಾಜ್ಯಪತ್ರದಲ್ಲಿ, ಎಂದರೆ ಗೆಜೆಟ್ಟಿನಲ್ಲಿ, ಪ್ರಕಟವಾಗಿ ಅಲ್ಲಿಯೇ ನೆಲೆಸುತ್ತದೆ. ಸರ್ಕಾರಿ ಆದೇಶವು ಇಲಾಖೆಯ ಕಡತದಲ್ಲಿ ಹುಟ್ಟಿ ಆ ಕಡತದಲ್ಲಿಯೇ ನೆಲೆಸುತ್ತದೆ. ಸುತ್ತೋಲೆಯು ಯಾರಿಗೆ ಬರೆಯಲ್ಪಟ್ಟಿತೋ ಆ ಕಚೇರಿಗಳಲ್ಲಿ ಹಂಚಿಹೋಗಿರುತ್ತದೆ. ಆಕರಪಟ್ಟಿಯ ಉಲ್ಲೇಖವೆಂಬುದು ಓದುಗನನ್ನು ಆ ನೆಲೆಗೆ ಕರೆದೊಯ್ಯುವ ದಾರಿಯಾದುದರಿಂದ, ನೆಲೆಯು ಭಿನ್ನವಾದಂತೆ ಉಲ್ಲೇಖದ ಅಂಗಗಳೂ ಭಿನ್ನವಾಗತಕ್ಕದ್ದು.

1. ಬಡಾವಣೆಯ ಹುಟ್ಟು ಮತ್ತು ಅದರ ಕಾಗದಗಳು

ಜಯನಗರದ ಶಂಕುಸ್ಥಾಪನೆಯನ್ನು ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರ್ಯರು 1948ನೆಯ ಇಸವಿ ಆಗಸ್ಟ್ 20ರಂದು ನೆರವೇರಿಸಿದರು. ಇಂಥ ಸಮಾರಂಭದ ದಿನವು ಜನರ ನೆನಪಿನಲ್ಲಿ ಉಳಿಯುತ್ತದೆ. ಆದರೆ ಒಂದು ಹಳ್ಳಿಯ ಭೂಮಿ ಯಾವ ದಿನದಿಂದ ನಗರದ್ದಾಯಿತೆಂಬುದಕ್ಕೆ ಶಂಕುಸ್ಥಾಪನೆಯು ಪ್ರಮಾಣವಾಗಲಾರದು. ಅದಕ್ಕೆ ಪ್ರಮಾಣವು ಕಾಯಿದೆಯನ್ನು ಅನುಸರಿಸಿ ಹೊರಟ ಕಾಗದಗಳೇ.

1945ರ ಬೆಂಗಳೂರು ನಗರಾಭಿವೃದ್ಧಿ ಕಾಯಿದೆಯ ಮೇರೆಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಬೋರ್ಡು ಯೋಜನೆಯನ್ನು ಸಿದ್ಧಪಡಿಸಿ 16ನೆಯ ಪ್ರಕರಣದ ಪ್ರಕಾರ ಮೊದಲನೆಯ ಅಧಿಸೂಚನೆಯನ್ನು ಹೊರಡಿಸುವುದು, ಆಕ್ಷೇಪಗಳ ವಿಚಾರಣೆಯಾದ ಮೇಲೆ 18ನೆಯ ಪ್ರಕರಣದ ಪ್ರಕಾರ ಅಂತಿಮ ಅಧಿಸೂಚನೆಯು ಹೊರಡುವುದು, ಹೀಗೆ ಕ್ರಮವಿತ್ತು. 1976ರಲ್ಲಿ ಬೋರ್ಡಿನ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಂದಿತು. ಆ ವರ್ಷದ 12ನೆಯ ಕರ್ನಾಟಕ ಅಧಿನಿಯಮದಲ್ಲಿ ಅದೇ ಕ್ರಮವು 17 ಮತ್ತು 19ನೆಯ ಪ್ರಕರಣಗಳಲ್ಲಿದೆ. ಇವೆರಡರ ನಡುವೆ 18ನೆಯ ಪ್ರಕರಣವುಂಟು; ಯೋಜನೆಗೆ ಸರ್ಕಾರವು ಮಂಜೂರಾತಿಯನ್ನು ಕೊಡುವುದು ಈ ಪ್ರಕರಣದ ಮೇರೆಗೆ. ಬಳಿಕ ನಿವೇಶನಗಳ ಹಂಚಿಕೆ, ಖಾತೆ, ತೆರಿಗೆ ಮುಂತಾದ ನಿತ್ಯಕಾರ್ಯಗಳ ವಿಷಯದಲ್ಲಿ ಅಧಿಕಾರಿಗಳಿಗೆ ಸೂಚನೆಗಳು ಹೋಗುತ್ತವೆ. ಹೀಗೆ ಒಂದೇ ಬಡಾವಣೆಯ ಚರಿತ್ರೆಯಲ್ಲಿ ಅಧಿಸೂಚನೆ, ಆದೇಶ, ಸುತ್ತೋಲೆ ಮೂರೂ ಒಂದರ ಹಿಂದೊಂದು ದೊರೆಯುವುದರಿಂದ, ಅವುಗಳ ಉಲ್ಲೇಖಕ್ರಮವನ್ನು ನಿಶ್ಚಯಿಸಲು ದಕ್ಷಿಣ ಬೆಂಗಳೂರು ಯೋಗ್ಯವಾದ ಕ್ಷೇತ್ರವಾಗಿದೆ.

2. ಅಧಿಸೂಚನೆ

ಮೈಸೂರು ಗೆಜೆಟ್ಟು 1866ರಲ್ಲಿ ಆರಂಭವಾಯಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ ಅದು ಕರ್ನಾಟಕ ಗೆಜೆಟ್ ಎಂದೂ ಕರ್ನಾಟಕ ರಾಜ್ಯಪತ್ರವೆಂದೂ ವ್ಯವಹೃತವಾಯಿತು. ಆದುದರಿಂದ 1960ರ ಅಧಿಸೂಚನೆಗೆ ‘ಕರ್ನಾಟಕ ರಾಜ್ಯಪತ್ರ’ವೆಂದು ಬರೆಯುವುದು ಅಸಂಗತವು. ಆ ಹೆಸರಿನ ಪತ್ರಿಕೆಯನ್ನು ಆ ವರ್ಷದ ಕಟ್ಟುಗಳಲ್ಲಿ ಹುಡುಕುವವನಿಗೆ ಏನೂ ದೊರೆಯದು.

ರಾಜ್ಯಪತ್ರದ ಸಾಧಾರಣ ಸಂಚಿಕೆಯು ಗುರುವಾರದಂದು ಹೊರಡುವುದು ವಾಡಿಕೆ. ಅದು ಭಾಗಗಳಾಗಿ ವಿಂಗಡವಾಗಿರುತ್ತದೆ. ಸರ್ಕಾರವು ರಚಿಸಿದ ನಿಯಮಗಳಿಗೆ ಒಂದು ಭಾಗ, ಇತರ ಪ್ರಕಟಣೆಗಳಿಗೆ ಬೇರೆ ಭಾಗಗಳು, ಹೀಗೆ. ಇದಲ್ಲದೆ ಅವಸರದ ವಿಷಯಗಳಿಗೆ ಯಾವ ದಿನವಾದರೂ ವಿಶೇಷ ಸಂಚಿಕೆಯು ಹೊರಡಬಹುದು. ಅದಕ್ಕೆ ಪ್ರತ್ಯೇಕವಾದ ಸಂಖ್ಯೆಯಿರುತ್ತದೆ. ಸಂಪುಟ, ಭಾಗ, ದಿನಾಂಕ, ಪುಟ ಇವಿಷ್ಟೂ ಉಲ್ಲೇಖದಲ್ಲಿರಬೇಕು. ವಿಶೇಷ ಸಂಚಿಕೆಯಾದರೆ ಹಾಗೆಂದು ಹೇಳಿ ಅದರ ಸಂಖ್ಯೆಯನ್ನು ಕೊಡಬೇಕು. ಭಾಗವನ್ನು ಬಿಟ್ಟು ಪುಟವನ್ನು ಮಾತ್ರ ಕೊಟ್ಟರೆ, ಅದೇ ದಿನದ ಸಂಚಿಕೆಯಲ್ಲಿ ಅದೇ ಪುಟಸಂಖ್ಯೆಯು ಮತ್ತೊಂದು ಭಾಗದಲ್ಲಿಯೂ ಇರಬಹುದಾದ್ದರಿಂದ ಓದುಗನು ದಾರಿತಪ್ಪುವನು.

ಇಲ್ಲಿ ಎರಡು ದಿನಾಂಕಗಳುಂಟೆಂಬುದು ಮುಖ್ಯವಾದ ಸಂಗತಿ. ಅಧಿಕಾರಿಯು ಸಹಿಮಾಡಿದ ದಿನವೊಂದು, ರಾಜ್ಯಪತ್ರದಲ್ಲಿ ಪ್ರಕಟವಾದ ದಿನವೊಂದು. ಪ್ರಾಧಿಕಾರದ ಅಧಿನಿಯಮದ 27ನೆಯ ಪ್ರಕರಣದ ಪ್ರಕಾರ, ಅಂತಿಮ ಘೋಷಣೆಯು ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ 5 ವರ್ಷಗಳೊಳಗೆ ಯೋಜನೆಯನ್ನು ಬಹುಮಟ್ಟಿಗೆ ನೆರವೇರಿಸದಿದ್ದರೆ ಯೋಜನೆಯು ರದ್ದಾಗುತ್ತದೆ. ದೃಷ್ಟಾಂತಕ್ಕಾಗಿ, ಡಿಸೆಂಬರ್ 20ರಂದು ಸಹಿಯಾದ ಘೋಷಣೆಯು ಮುಂದಿನ ಜನವರಿ 8ರಂದು ಪ್ರಕಟವಾಯಿತೆಂದು ಭಾವಿಸೋಣ. ಸಹಿಯ ದಿನವನ್ನೇ ಪ್ರಕಟಣೆಯ ದಿನವೆಂದು ಬರೆದ ಗ್ರಂಥಕಾರನು ಕಾಯಿದೆಯ ಗಡುವನ್ನು 19 ದಿನ ಹಿಂದಕ್ಕೆ ತಳ್ಳುವುದಲ್ಲದೆ ಇಸವಿಯನ್ನೂ ತಪ್ಪಿಸಿರುತ್ತಾನೆ. ಅವನ ಆಕರಪಟ್ಟಿಯನ್ನು ನಂಬಿ ಹಿಂದಿನ ವರ್ಷದ ರಾಜ್ಯಪತ್ರದ ಕಟ್ಟನ್ನು ತೆರೆದವನು, ಅಂಥ ಘೋಷಣೆಯೇ ಇಲ್ಲವೆಂದು ತೀರ್ಮಾನಿಸುವ ಸಂಭವವುಂಟು. ಆದುದರಿಂದ ‘ದಿನಾಂಕ’ ಎಂದು ಒಂದೇ ಮಾತಿನಲ್ಲಿ ಮುಗಿಸದೆ, ‘ಸಹಿ’ ಎಂದೂ ‘ಪ್ರಕಟಣೆ’ ಎಂದೂ ಎರಡನ್ನೂ ಬೇರೆಬೇರೆಯಾಗಿ ನಮೂದಿಸತಕ್ಕದ್ದು.

ಪ್ರಾಥಮಿಕ ಅಧಿಸೂಚನೆಯನ್ನೂ ಅಂತಿಮ ಅಧಿಸೂಚನೆಯನ್ನೂ ಬೆರಸುವುದು ಮತ್ತೊಂದು ದೋಷವು. ಇದು ದಿನಾಂಕದ ದೋಷಕ್ಕಿಂತಲೂ ಗುರುತರವಾದುದು. ಪ್ರಾಥಮಿಕ ಅಧಿಸೂಚನೆಯಲ್ಲಿ ಕಾಣುವ ಸರ್ವೆ ನಂಬರುಗಳೆಲ್ಲವೂ ಅಂತಿಮದಲ್ಲಿ ಇರಲೇಬೇಕೆಂಬ ನಿಯಮವಿಲ್ಲ. ಆಕ್ಷೇಪಗಳನ್ನು ಕೇಳಿದ ಮೇಲೆ ಕೆಲವು ಬಿಟ್ಟುಹೋಗುತ್ತವೆ. ಪ್ರಾಥಮಿಕದ ಅನುಸೂಚಿಯನ್ನು ನೋಡಿ ‘ಇಷ್ಟು ಎಕರೆ ಇಷ್ಟು ಗುಂಟೆ ಭೂಮಿಯನ್ನು ವಶಪಡಿಸಿಕೊಳ್ಳಲಾಯಿತು’ ಎಂದು ಬರೆಯುವವನು, ವಶವಾಗದ ಹೊಲವನ್ನೂ ವಶವಾಯಿತೆಂದು ಹೇಳಿದಂತಾಗುತ್ತದೆ. ಹಾಗೆಯೇ ಅಂತಿಮದ ತರುವಾಯ ಹೊರಟ ತಿದ್ದೋಲೆಯನ್ನಾಗಲಿ, ಭೂಮಿಯನ್ನು ಕೈಬಿಟ್ಟ ಅಧಿಸೂಚನೆಯನ್ನಾಗಲಿ ನೋಡದಿದ್ದರೆ ಲೆಕ್ಕವು ಪುನಃ ತಪ್ಪುತ್ತದೆ. ಇವೆರಡು ಅಧಿಸೂಚನೆಗಳ ಕರ್ತೃಗಳೂ ಭಿನ್ನರು. 17ನೆಯ ಪ್ರಕರಣದ ಅಧಿಸೂಚನೆಯನ್ನು ಸಿದ್ಧಪಡಿಸುವುದು ಪ್ರಾಧಿಕಾರ; 19ನೆಯ ಪ್ರಕರಣದ ಘೋಷಣೆಯನ್ನು ಪ್ರಕಟಿಸುವುದು ಸರ್ಕಾರ. ಆಕರಪಟ್ಟಿಯು ಕರ್ತೃವಿನ ಹೆಸರಿನ ಅಕಾರಾದಿಕ್ರಮದಲ್ಲಿದ್ದರೆ, ಒಂದೇ ಬಡಾವಣೆಯ ಎರಡು ಅಧಿಸೂಚನೆಗಳು ಎರಡು ಸ್ಥಳಗಳಲ್ಲಿ ಬರುವುವು. ಇದು ತೊಡಕೆಂದು ತೋರಿದರೂ ಯಥಾರ್ಥವು ಇದೇ. ಒಂದರ ಕೊನೆಯಲ್ಲಿ ‘ಮತ್ತೊಂದನ್ನು ನೋಡಿ’ ಎಂದು ಸೂಚಿಸಿದರೆ ತೊಡಕು ಪರಿಹಾರವಾಗುತ್ತದೆ.

ಇನ್ನೊಂದು ಕಷ್ಟವು ಹೆಸರುಗಳದು. ಅನುಸೂಚಿಯು ಭೂಮಿಯನ್ನು ಗುರುತಿಸುವುದು ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರು, ಖಾತೆದಾರ, ವಿಸ್ತೀರ್ಣ, ಚಕ್ಕುಬಂದಿ ಇವುಗಳಿಂದ. ಬಡಾವಣೆಗೆ ಇಂದು ಜನರಾಡುವ ಹೆಸರು ಅಲ್ಲಿ ಇರಲೇಬೇಕೆಂದಿಲ್ಲ. ಬಿ. ಟಿ. ಎಂ. ಎಂಬ ಮೂರು ಅಕ್ಷರಗಳು ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರುಗಳ ಮೊದಲಕ್ಷರಗಳು, ಜೆ. ಪಿ. ನಗರವು ಜಯಪ್ರಕಾಶ ನಾರಾಯಣರ ಹೆಸರಿನದು. ಆ ಭಾಗದ ಹಳೆಯ ಗ್ರಾಮನಾಮಗಳಲ್ಲಿ ಸಾರಕ್ಕಿಯು ಒಂದು. ಆದ್ದರಿಂದ ಉಲ್ಲೇಖದಲ್ಲಿ ಗ್ರಾಮದ ಹೆಸರನ್ನು ಅಧಿಸೂಚನೆಯಲ್ಲಿರುವಂತೆಯೇ ಕೊಟ್ಟು, ಈಗಿನ ಬಡಾವಣೆಯ ಹೆಸರನ್ನು ಚೌಕ ಕಂಸದಲ್ಲಿ ಸೇರಿಸಬೇಕು. ಕಂಸದೊಳಗಿನ ಮಾತು ಗ್ರಂಥಕಾರನದು, ಹೊರಗಿನದು ಮೂಲದ್ದು ಎಂಬ ವಿವೇಕವು ಶಾಸನ ಸಂಪಾದನೆಯಲ್ಲಿ ಎಷ್ಟು ಅವಶ್ಯಕವೋ ಇಲ್ಲಿಯೂ ಅಷ್ಟೇ.

3. ರಾಜ್ಯಪತ್ರದಲ್ಲಿ ಪಾಠವಿಲ್ಲದಾಗ

ರಾಜ್ಯಪತ್ರದ ಪುಟವನ್ನು ಹೇಳಿದ ಮಾತ್ರಕ್ಕೆ ಮೂಲಪಾಠವು ಅಲ್ಲಿಯೇ ಸಿಗುವುದೆಂಬ ನಂಬಿಕೆಯೂ ಸರ್ವತ್ರ ಸಲ್ಲದು. ಬೆಂಗಳೂರಿನ ಔಟ್‌ಲೈನ್ ಡೆವಲಪ್‌ಮೆಂಟ್ ಪ್ಲಾನ್ ಎಂಬ ನಗರಯೋಜನೆಗೆ 1972ರಲ್ಲಿ ಸರ್ಕಾರದ ಅಂಗೀಕಾರವಾಯಿತು. ಆದರೆ ಆ ಯೋಜನೆಯೂ ಅದರ ನಿಬಂಧನೆಗಳೂ ರಾಜ್ಯಪತ್ರದಲ್ಲಿ ಸಮಗ್ರವಾಗಿ ಅಚ್ಚಾಗದೆ, ಅವುಗಳನ್ನು ಕಚೇರಿಯಲ್ಲಿ ನೋಡಬಹುದೆಂಬ ಪ್ರಕಟಣೆ ಮಾತ್ರ ಅಚ್ಚಾಯಿತು. ಎತ್ತರದ ಕಟ್ಟಡಗಳ ವಿಷಯದಲ್ಲಿ ವ್ಯಾಜ್ಯವುಂಟಾಗಿ, ಆ ನಿಬಂಧನೆಗಳು ಪ್ರಕಟವಾದುವೆಂದೇ ಹೇಳಲಾಗದು ಎಂಬ ವಾದವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬಿ. ಕೆ. ಶ್ರೀನಿವಾಸನ್ ಮತ್ತು ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ 1987ರಲ್ಲಿ ತೀರ್ಪನ್ನು ಬರೆದ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು, ಅಧೀನ ಶಾಸನವು ಜನರಿಗೆ ತಿಳಿಯುವಂತೆ ಪ್ರಕಟವಾಗಲೇಬೇಕೆಂಬ ತತ್ತ್ವವನ್ನು ಎತ್ತಿಹಿಡಿದು, ಪ್ರಸ್ತುತದಲ್ಲಿ ಆ ಪ್ರಕಟಣೆಯು ಸಾಕಾದುದೆಂದು ನಿರ್ಣಯಿಸಿದರು.

ನ್ಯಾಯಾಲಯಕ್ಕೆ ಸಾಕಾದುದು ಚರಿತ್ರಕಾರನಿಗೆ ಸಾಲದು. ಪ್ರಕಟಣೆಯ ಪುಟವನ್ನು ಮಾತ್ರ ಅವನು ಕೊಟ್ಟರೆ, ಓದುಗನು ಆ ಪುಟವನ್ನು ತಲುಪಿ, ಅಲ್ಲಿ ‘ಕಚೇರಿಯಲ್ಲಿ ನೋಡಿ’ ಎಂಬ ಮಾತನ್ನು ಓದಿ, ಬರಿಗೈಯಲ್ಲಿ ಹಿಂದಿರುಗುವನು. ಪ್ರಾಧಿಕಾರದ ಅಧಿನಿಯಮದ 17ನೆಯ ಪ್ರಕರಣವೂ ಯೋಜನೆಯ ಪ್ರತಿಯನ್ನು ನೋಡಬಹುದಾದ ಸ್ಥಳವನ್ನು ಅಧಿಸೂಚನೆಯಲ್ಲಿ ಹೆಸರಿಸಬೇಕೆಂದು ವಿಧಿಸುತ್ತದೆ. ಆದುದರಿಂದ ಇಂಥ ಸಂದರ್ಭಗಳಲ್ಲಿ ಎರಡು ಉಲ್ಲೇಖಗಳು ಬೇಕು: ಪ್ರಕಟಣೆಗೆ ರಾಜ್ಯಪತ್ರದ ಪುಟವು ಒಂದು; ಪಾಠಕ್ಕೆ ಅಥವಾ ನಕ್ಷೆಗೆ, ಗ್ರಂಥಕಾರನು ಅದನ್ನು ನಿಜವಾಗಿ ನೋಡಿದ ಸ್ಥಳವು ಮತ್ತೊಂದು.

4. ಸರ್ಕಾರಿ ಆದೇಶ

ಸರ್ಕಾರಿ ಆದೇಶವನ್ನು ಅದರ ಆಕೃತಿಯಿಂದಲೇ ಗುರುತಿಸಬಹುದು. ಶಿರೋಭಾಗದಲ್ಲಿ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದಿರುತ್ತದೆ. ಅದರ ಕೆಳಗೆ ‘ವಿಷಯ’, ಹಿಂದಿನ ಕಾಗದಗಳ ಪಟ್ಟಿಯಾದ ‘ಓದಲಾಗಿದೆ’, ಕಾರಣಗಳನ್ನು ವಿವರಿಸುವ ‘ಪ್ರಸ್ತಾವನೆ’, ಬಳಿಕ ಆದೇಶದ ಸಂಖ್ಯೆಯೂ ಸ್ಥಳವೂ ದಿನಾಂಕವೂ, ಅನಂತರ ಆದೇಶದ ಒಕ್ಕಣೆ. ಕೊನೆಯಲ್ಲಿ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ ಎಂಬ ಮಾತಿನ ಕೆಳಗೆ ಅಧಿಕಾರಿಯ ಸಹಿ. ತಾಮ್ರಪಟದಲ್ಲಿ ವಂಶಾವಳಿ, ದಾನದ ಕಾರಣ, ದತ್ತಭೂಮಿಯ ಎಲ್ಲೆ, ಲೇಖಕನ ಹೆಸರು ನಿಯತಸ್ಥಾನಗಳಲ್ಲಿ ಬರುವಂತೆ ಇಲ್ಲಿಯೂ ಪ್ರತಿಯೊಂದಕ್ಕೂ ನಿಯತಸ್ಥಾನವಿದೆ.

ಆದೇಶದ ಸಂಖ್ಯೆಯನ್ನು ಓದುವುದರಲ್ಲಿ ಎಡವುವವರು ಬಹುಮಂದಿ. ರಾಜ್ಯದ ಜನರೆಲ್ಲರಿಗೂ ಪರಿಚಿತವಾದ ಉದಾಹರಣೆಯೊಂದನ್ನು ಪರೀಕ್ಷಿಸಬಹುದು. ಹಿಂದುಳಿದ ವರ್ಗಗಳ ವರ್ಗೀಕರಣದ ಆದೇಶವನ್ನು ಜಾತಿ ಆದಾಯ ಪ್ರಮಾಣಪತ್ರಗಳ ಸಂದರ್ಭದಲ್ಲಿ ತಾಲ್ಲೂಕು ಕಚೇರಿಗೆ ಹೋದ ಪ್ರತಿಯೊಬ್ಬರೂ ಕಂಡಿರುತ್ತಾರೆ. ಅದರ ಸಂಖ್ಯೆ ‘ಸಕಇ 225 ಬಿಸಿಎ 2000’, ದಿನಾಂಕ 30-3-2002. ಇದರಲ್ಲಿ ‘ಸಕಇ’ ಎಂಬುದು ಸಮಾಜ ಕಲ್ಯಾಣ ಇಲಾಖೆಯ ಸಂಕ್ಷೇಪ. 225 ಎಂಬುದು ಕಡತದ ಕ್ರಮಾಂಕ. ‘ಬಿಸಿಎ’ ಎಂಬುದು ಹಿಂದುಳಿದ ವರ್ಗಗಳ ವಿಷಯವನ್ನು ಸೂಚಿಸುವ ಸಂಕೇತ. 2000 ಎಂಬುದು ಕಡತವನ್ನು ತೆರೆದ ವರ್ಷ. ಈ ಕೊನೆಯ ಅಂಕೆಯನ್ನು ಆದೇಶದ ವರ್ಷವೆಂದು ಭ್ರಮಿಸಿ ‘2000ನೆಯ ಇಸವಿಯ ಆದೇಶ’ವೆಂದು ಬರೆದರೆ ಎರಡು ವರ್ಷಗಳ ತಪ್ಪಾಗುತ್ತದೆ. ಅಷ್ಟೇ ಅಲ್ಲದೆ, ಒಂದೇ ಕಡತದಿಂದ ಹಲವು ಆದೇಶಗಳೂ ಅಧಿಸೂಚನೆಗಳೂ ಹೊರಡಬಹುದು. ಆಗ ಅವೆಲ್ಲಕ್ಕೂ ಸಂಖ್ಯೆಯೊಂದೇ, ದಿನಾಂಕಗಳು ಮಾತ್ರ ಬೇರೆ. ಆದುದರಿಂದ ದಿನಾಂಕವಿಲ್ಲದ ಆದೇಶಸಂಖ್ಯೆಯು ಕಡತವನ್ನು ತೋರಿಸೀತೇ ಹೊರತು ಆದೇಶವನ್ನು ತೋರಿಸಲಾರದು. ದಿನಾಂಕ ಮಾತ್ರವಿದ್ದು ಸಂಖ್ಯೆಯಿಲ್ಲದಿದ್ದರೆ, ಆ ದಿನ ಆ ಇಲಾಖೆಯಿಂದ ಹೊರಟ ಆದೇಶಗಳೆಲ್ಲವನ್ನೂ ಜಾಲಾಡಬೇಕಾಗುತ್ತದೆ. ಎರಡೂ ಕೂಡಿದಾಗಲೇ ಉಲ್ಲೇಖವು ಪೂರ್ಣವು.

ಬಡಾವಣೆಯ ಯೋಜನೆಗೆ ಮಂಜೂರಾತಿ ಕೊಟ್ಟ ಆದೇಶವನ್ನು ಈ ರೀತಿಯಾಗಿ ಉಲ್ಲೇಖಿಸಬೇಕಾದರೆ ನಗರಾಭಿವೃದ್ಧಿ ಇಲಾಖೆಯ ಸಂಕ್ಷೇಪವಾದ ‘ನಅಇ’ ಎಂಬುದರಿಂದ ಮೊದಲಾದ ಸಂಖ್ಯೆಯನ್ನು ಇಡಿಯಾಗಿ ಬರೆಯಬೇಕು. ಸಂಖ್ಯೆಯು ಕನ್ನಡದಲ್ಲಿದ್ದರೆ ಕನ್ನಡದಲ್ಲಿಯೇ, ಹಳೆಯ ಆದೇಶದಲ್ಲಿ ಇಂಗ್ಲಿಷಿನಲ್ಲಿದ್ದರೆ ಅದರ ಅಕ್ಷರಗಳನ್ನು ಬದಲಿಸದೆಯೂ ಕೊಡಬೇಕು. ‘ನಅಇ’ ಎಂದಿರುವುದನ್ನು ಗ್ರಂಥಕಾರನು ಭಾಷಾಂತರಿಸಿದರೆ ಕಡತದ ವಹಿಯಲ್ಲಿ ಅದು ಸಿಗದಾಗುತ್ತದೆ. ಮೈಸೂರು ಸರ್ಕಾರದ ಕಾಲದ ಆದೇಶಗಳಲ್ಲಿ ಸಂಖ್ಯೆಯು ಅಡ್ಡಗೆರೆಗಳಿಂದ ಕೂಡಿ ಬಹಳ ಉದ್ದವಾಗಿರುವುದುಂಟು. ಅದನ್ನು ಅನಾವಶ್ಯಕವೆಂದು ಮೊಟಕುಮಾಡಬಾರದು. ಆದೇಶವು ಅಚ್ಚಾಗದಿದ್ದರೆ, ಅದನ್ನು ರಾಜ್ಯ ಪತ್ರಾಗಾರದಲ್ಲಿ ನೋಡಿದ್ದೋ ಇಲಾಖೆಯ ಕಚೇರಿಯಲ್ಲಿ ನೋಡಿದ್ದೋ ಎಂಬುದನ್ನು ಕೊನೆಯಲ್ಲಿ ಹೇಳತಕ್ಕದ್ದು. ಮತ್ತೊಂದು ಆದೇಶದ ‘ಓದಲಾಗಿದೆ’ ಎಂಬ ಪಟ್ಟಿಯಲ್ಲಿ ಮಾತ್ರ ಕಂಡಿದ್ದರೆ ಅದನ್ನೂ ಹಾಗೆಂದೇ ಒಪ್ಪಿಕೊಳ್ಳಬೇಕು. ಕಾಣದ ಕಾಗದವನ್ನು ಕಂಡಂತೆ ಪಟ್ಟಿಯಲ್ಲಿ ಸೇರಿಸುವುದು ಪ್ರಮಾಣದ್ರೋಹವು.

5. ಸುತ್ತೋಲೆ

ಸುತ್ತೋಲೆಯು ಹೊಸ ವಿಧಿಯನ್ನು ನಿರ್ಮಿಸುವುದಕ್ಕಾಗಿ ಹುಟ್ಟಿದುದಲ್ಲ. ಇರುವ ವಿಧಿಯನ್ನು ಅಧಿಕಾರಿಗಳು ಹೇಗೆ ನಡಸಬೇಕೆಂದು ತಿಳಿಸುವುದಕ್ಕಾಗಿ ಹುಟ್ಟಿದುದು. ಆದಕಾರಣ ಅದರ ಉಲ್ಲೇಖದಲ್ಲಿ ‘ಯಾರಿಂದ’ ಎಂಬುದರಷ್ಟೇ ‘ಯಾರಿಗೆ’ ಎಂಬುದೂ ಮುಖ್ಯವು. ಇಲಾಖೆಯ ಕಾರ್ಯದರ್ಶಿಯು ಎಲ್ಲ ಜಿಲ್ಲೆಗಳಿಗೆ ಕಳುಹಿಸಿದ ಸುತ್ತೋಲೆಯೂ, ಪ್ರಾಧಿಕಾರದ ಆಯುಕ್ತರು ತಮ್ಮ ಕೈಕೆಳಗಿನ ಅಧಿಕಾರಿಗಳಿಗೆ ಕಳುಹಿಸಿದ ಸುತ್ತೋಲೆಯೂ ವ್ಯಾಪ್ತಿಯಲ್ಲಿ ಸಮಾನವಲ್ಲ. ಎರಡಕ್ಕೂ ‘ಕರ್ನಾಟಕ ಸರ್ಕಾರ, ಸುತ್ತೋಲೆ’ ಎಂದು ಬರೆದರೆ, ಬನಶಂಕರಿಯ ನಿವೇಶನಗಳಿಗೆ ಮಾತ್ರ ಅನ್ವಯಿಸಿದ ಸೂಚನೆಯನ್ನು ಓದುಗನು ರಾಜ್ಯಕ್ಕೆಲ್ಲ ಅನ್ವಯಿಸಿದುದೆಂದು ಗ್ರಹಿಸುವನು.

ಸುತ್ತೋಲೆಗಳು ಪದೇಪದೇ ಹೊರಡುವ ಸ್ವಭಾವದವು. ಮೊದಲನೆಯದು ಪಾಲಿತವಾಗಲಿಲ್ಲವೆಂಬ ಕಾರಣದಿಂದ ಅದೇ ಒಕ್ಕಣೆಯು ಕೆಲವು ವರ್ಷಗಳ ಬಳಿಕ ಪುನಃ ಹೊರಡುವುದುಂಟು; ಆಗ ಹಿಂದಿನದರ ಸಂಖ್ಯೆಯು ‘ಉಲ್ಲೇಖ’ ಎಂಬ ಶೀರ್ಷಿಕೆಯ ಕೆಳಗೆ ಬರುತ್ತದೆ. ಆದುದರಿಂದ ಸುತ್ತೋಲೆಯ ವಿಷಯವನ್ನು ಅದರಲ್ಲಿರುವ ಮಾತುಗಳಲ್ಲಿಯೇ ಕೊಟ್ಟು, ಉಲ್ಲೇಖದಲ್ಲಿ ಮೊದಲಿನದರ ದಿನಾಂಕವಿದ್ದರೆ ಅದನ್ನೂ ಸೂಚಿಸಬೇಕು. ಒಂದು ಸುತ್ತೋಲೆಯು ಮೂರು ಸಲ ಹೊರಟಿತೆಂಬ ಸಂಗತಿಯೇ, ಅದರಲ್ಲಿ ವಿಧಿಸಿದ ಕಾರ್ಯವು ನಡೆಯುತ್ತಿರಲಿಲ್ಲವೆಂಬುದಕ್ಕೆ ಗಮಕವಾಗಬಹುದು. ರಾಜ್ಯಪತ್ರದಲ್ಲಿ ಸುತ್ತೋಲೆಗೆ ಸ್ಥಾನವು ಸಾಮಾನ್ಯವಾಗಿ ಇಲ್ಲವಾದುದರಿಂದ, ಅದರ ಪ್ರತಿಯು ದೊರೆತ ಕಚೇರಿಯನ್ನೂ ಕಡತವನ್ನೂ ಹೇಳದಿದ್ದರೆ ಆ ಉಲ್ಲೇಖವು ಅನಾಥವಾಗುತ್ತದೆ.

6. ಮೂರರ ಮಾದರಿ

ಮೇಲ್ಕಂಡ ವಿಚಾರಗಳನ್ನು ಕೂಡಿಸಿದರೆ ಮಾದರಿಗಳು ಈ ಪ್ರಕಾರ ಆಗುತ್ತವೆ. ಗೆರೆಯೆಳೆದ ಸ್ಥಳಗಳಲ್ಲಿ ಮೂಲದಲ್ಲಿರುವುದನ್ನು ಯಥಾಸ್ಥಿತವಾಗಿ ತುಂಬತಕ್ಕದ್ದು.

ಅಧಿಸೂಚನೆಗೆ: ಕರ್ನಾಟಕ ಸರ್ಕಾರ, ನಗರಾಭಿವೃದ್ಧಿ ಇಲಾಖೆ. ಅಂತಿಮ ಘೋಷಣೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ 1976, ಪ್ರಕರಣ 19(1). ಗ್ರಾಮ —, ಹೋಬಳಿ —, ತಾಲ್ಲೂಕು — [ಈಗಿನ ಬಡಾವಣೆ —]. ಸಂಖ್ಯೆ —, ಸಹಿ —. ಕರ್ನಾಟಕ ರಾಜ್ಯಪತ್ರ, ಸಂಪುಟ —, ಭಾಗ —, ಪ್ರಕಟಣೆ —, ಪುಟ —.

ಆದೇಶಕ್ಕೆ: ಕರ್ನಾಟಕ ಸರ್ಕಾರ, ಸಮಾಜ ಕಲ್ಯಾಣ ಇಲಾಖೆ. ಸರ್ಕಾರಿ ಆದೇಶ ಸಂಖ್ಯೆ ಸಕಇ 225 ಬಿಸಿಎ 2000, ಬೆಂಗಳೂರು, 30-3-2002. [ಹಿಂದುಳಿದ ವರ್ಗಗಳ ವರ್ಗೀಕರಣ]. ನೋಡಿದ ಸ್ಥಳ —.

ಸುತ್ತೋಲೆಗೆ: ಹೊರಡಿಸಿದ ಅಧಿಕಾರಿ ಮತ್ತು ಸಂಸ್ಥೆ —. ಸುತ್ತೋಲೆ ಸಂಖ್ಯೆ —, ದಿನಾಂಕ —. ವಿಷಯ —. ಯಾರಿಗೆ —. ಹಿಂದಿನ ಸುತ್ತೋಲೆ —. ಕಡತ ಮತ್ತು ನೋಡಿದ ಸ್ಥಳ —.

ಸಂಸ್ಥೆಯ ಹೆಸರನ್ನು ಬರೆಯುವಾಗ ಆ ಕಾಗದವು ಹೊರಟ ದಿನ ಇದ್ದ ಹೆಸರೇ ಗ್ರಾಹ್ಯವು. 1976ಕ್ಕೆ ಹಿಂದಿನದು ಟ್ರಸ್ಟ್ ಬೋರ್ಡಿನದು, ಪ್ರಾಧಿಕಾರದ್ದಲ್ಲ. 2007ರಲ್ಲಿ ಹುಟ್ಟಿದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2025ರಲ್ಲಿ ಐದು ನಗರಪಾಲಿಕೆಗಳಿಗೆ ಎಡೆಮಾಡಿಕೊಟ್ಟಿತು. ಅವುಗಳಲ್ಲೊಂದು ಬೆಂಗಳೂರು ದಕ್ಷಿಣ ನಗರಪಾಲಿಕೆ. ಅದೇ ವರ್ಷ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಬೆಂಗಳೂರು ದಕ್ಷಿಣವೆಂಬ ತಾಲ್ಲೂಕು ಮೊದಲೇ ಇದ್ದಿತು. ಲೋಕಸಭಾ ಕ್ಷೇತ್ರವೂ ಆ ಹೆಸರಿನದೇ. ಹೀಗಿರಲು ‘ಬೆಂಗಳೂರು ದಕ್ಷಿಣ’ ಎಂದು ಬರಿದೆ ಬರೆದ ಉಲ್ಲೇಖವು ಮುಂದಿನ ತಲೆಮಾರಿನವರಿಗೆ ನಾಲ್ಕು ಅರ್ಥಗಳನ್ನು ಕೊಡುವುದು. ತಾಲ್ಲೂಕೋ ಜಿಲ್ಲೆಯೋ ಪಾಲಿಕೆಯೋ ಕ್ಷೇತ್ರವೋ ಎಂಬ ಒಂದು ಪದವನ್ನು ಸೇರಿಸುವುದರಿಂದ ಆ ಸಂದೇಹವು ನಿವೃತ್ತವಾಗುತ್ತದೆ.

ಬೇಗೂರಿನ ಶಾಸನದಲ್ಲಿ ಸತ್ತ ವೀರನ ಹೆಸರು ಕಲ್ಲಿನಲ್ಲಿ ಉಳಿಯಿತು. ಜಯನಗರ, ಬನಶಂಕರಿಗಳ ರಸ್ತೆಗಳಡಿಯಲ್ಲಿ ಮುಚ್ಚಿಹೋದ ಹೊಲಗಳ ಒಡೆಯರ ಹೆಸರುಗಳು ಉಳಿದಿರುವುದು ಅಧಿಸೂಚನೆಗಳ ಅನುಸೂಚಿಗಳಲ್ಲಿ, ಖಾತೆದಾರರೆಂಬ ಶೀರ್ಷಿಕೆಯ ಕೆಳಗೆ. ಭಾಗ, ಪ್ರಕಟಣೆಯ ದಿನ, ಪುಟ ಇವಿಷ್ಟನ್ನು ಸರಿಯಾಗಿ ಬರೆದಿಟ್ಟರೆ ಅವರ ವಂಶೀಯರು ಆ ಹೆಸರನ್ನು ಒಂದು ಮಧ್ಯಾಹ್ನದಲ್ಲಿ ಕಂಡುಕೊಳ್ಳಬಲ್ಲರು.